ತೊಂಬತ್ತಾರು ಹೆಂಗಸರು, ಒಂದು ಪ್ಯಾರಾ

ಆ ಇ-ಮೇಲ್ ಕಳಿಸುವ ಹೊತ್ತಿಗೆ ನನ್ನ ಪಿಎಫ್ ಹಣ ಪೂರ್ತಿ ಕರಗಿಹೋಗಿತ್ತು. ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಗಾಜಿನ ನಳಿಕೆ ಹಿಡಿದು ಕೂಡಿಟ್ಟದ್ದು ಅದು. ಕೆಲಸ ಬಿಟ್ಟು ಕಂಪನಿ ಶುರು ಮಾಡುತ್ತೇನೆ ಎಂದಾಗ ನನ್ನ ಗಂಡ, 'ಯಾವ ಕಂಪನಿ?' ಎಂದು ಕೇಳಿದ್ದರು. ವ್ಯಾನುಗಳದ್ದು ಎಂದೆ. ಅವರು ನಂಜನಗೂಡಿನ ಪೇಟೆ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು, ಮಾತು ಕಡಿಮೆ. 'ನಿಂಗೆ ಸೈಕಲ್ಲೂ ಸರಿಯಾಗಿ ಬರಲ್ಲವಲ್ಲೇ' ಎಂದು ನಕ್ಕಿದ್ದರು.

ವ್ಯಾನು ಓಡಿಸುವುದು ನನ್ನ ಕೆಲಸವಾಗಿರಲಿಲ್ಲ. ಸೀಟು ತುಂಬಿಸುವುದು ನನ್ನ ಕೆಲಸ. ಲ್ಯಾಬಿನಲ್ಲಿದ್ದಾಗ ನಾನು ಕಣ್ಣಾರೆ ಕಂಡಿದ್ದೆ: ಪ್ಯಾಕಿಂಗ್ ವಿಭಾಗಕ್ಕೆ ಟಿ. ನರಸೀಪುರದ ಕಡೆಯಿಂದ ಹೆಂಗಸರು ಸೇರುತ್ತಿದ್ದರು, ಕೈ ಚುರುಕಾಗುವಷ್ಟರಲ್ಲಿ ಬಿಟ್ಟುಬಿಡುತ್ತಿದ್ದರು. ಸಂಬಳಕ್ಕಲ್ಲ, ದಾರಿಗೆ. ಬೆಳಗಿನ ಶಿಫ್ಟು ಆರಕ್ಕೆ. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ನಿಜ, ಆದರೆ ಆ ಹೊತ್ತಿಗೆ ಆ ಹಳ್ಳಿಗಳಿಗೆ ಬಸ್ಸೇ ಬರುವುದಿಲ್ಲ. ಮಧ್ಯಾಹ್ನದ ಶಿಫ್ಟು ರಾತ್ರಿ ಹತ್ತಕ್ಕೆ ಬಿಡುತ್ತದೆ, ಆಗಲೂ ಅದೇ ಕಥೆ. ಒಂದು ಕಾರ್ಖಾನೆಗೆ ಒಂದು ದಾರಿಯಲ್ಲಿ ಐದಾರು ಹೆಂಗಸರು ಸಿಗುತ್ತಾರೆ, ಅಷ್ಟಕ್ಕೆ ಯಾರೂ ಗಾಡಿ ಇಡುವುದಿಲ್ಲ. ಪಕ್ಕಪಕ್ಕದ ಗೇಟುಗಳ ಕಾರ್ಖಾನೆಗಳ ಹೆಂಗಸರನ್ನೆಲ್ಲ ಒಂದೇ ವ್ಯಾನಿಗೆ ಹತ್ತಿಸಿದರೆ ಸೀಟು ತುಂಬುತ್ತದೆ. ಪ್ರತಿ ಸೀಟಿಗೂ ಕಾರ್ಖಾನೆ ತಿಂಗಳಿಗೆ ಇಷ್ಟು ಅಂತ ಕೊಡುತ್ತದೆ. ನಾನು ಮಾಡಿದ್ದು ಇಷ್ಟೇ. ಹಿಂದಿನ ದಿನ ಸಂಜೆ ಹೆಂಗಸರು ವಾಟ್ಸಾಪ್‌ನಲ್ಲಿ 'ನಾಳೆ ಬರ್ತೀನಿ' ಅಂತ ಒತ್ತುತ್ತಾರೆ, ಅದನ್ನು ನೋಡಿ ನಾನು ದಾರಿ ಹಾಕಿ ಡ್ರೈವರುಗಳಿಗೆ ಕಳಿಸುತ್ತೇನೆ.

ವ್ಯಾನುಗಳು ನನ್ನವಲ್ಲ, ಡ್ರೈವರುಗಳವು. ಅವರಲ್ಲಿ ಹಿರಿಯರೊಬ್ಬರು, ಹಳದಿ ಬೋರ್ಡಿನ ಹದಿನೇಳು ಸೀಟಿನ ಗಾಡಿಯವರು, ಮೊದಲ ದಿನದಿಂದ ನನ್ನ ಜೊತೆಗಿದ್ದರು. ಮದುವೆ ಸೀಸನ್ ಬಿಟ್ಟರೆ ಅವರ ಗಾಡಿಗೆ ಬಾಡಿಗೆ ಇರುತ್ತಿರಲಿಲ್ಲ. 'ದಿನಾ ಓಡದಿದ್ರೆ ಗಾಡಿ ಕೆಟ್ಟೋಯ್ತದೆ ಕಣವ್ವ, ನೀನು ಓಡುಸ್ಕೊ' ಎಂದು ಅವರು ಒಪ್ಪಿದ್ದರು. ಅವರನ್ನು ನೋಡಿ ಇನ್ನು ಮೂವರು ಬಂದರು. ಆ ಹಿರಿಯರನ್ನು ನಾನು ಅಣ್ಣ ಎನ್ನುತ್ತಿದ್ದೆ.

ಕೆಲಸ ನಡೆಯುತ್ತಿತ್ತು, ಕೈಯಲ್ಲಿ ಮಾತ್ರ ಕಾಸಿರುತ್ತಿರಲಿಲ್ಲ. ಕಾರ್ಖಾನೆಗಳು ಬಿಲ್ ಕೊಟ್ಟ ಎರಡು ತಿಂಗಳಿಗೆ ಹಣ ಹಾಕುತ್ತವೆ. ಡೀಸೆಲ್ ಬಂಕಿನವನು ಎರಡು ತಿಂಗಳು ಕಾಯುವುದಿಲ್ಲ. ಹೊಸ ಹೆಂಗಸರು ಸೇರಿದಷ್ಟೂ ನಾನು ಮುಂಚಿತವಾಗಿ ಹಾಕಬೇಕಾದ ಹಣ ಹೆಚ್ಚುತ್ತಿತ್ತು. ಬ್ಯಾಂಕಿಗೆ ಹೋದೆ. ಮ್ಯಾನೇಜರು ಕಂಪನಿಗೆ ಎಷ್ಟು ವರ್ಷ ಎಂದು ಕೇಳಿದರು, ಅಡ ಇಡಲು ಏನಿದೆ ಎಂದು ಕೇಳಿದರು. ಕಂಪನಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಅಡ ಇಡಲು ಏನೂ ಇರಲಿಲ್ಲ.

ಆಗಲೇ ಕಾಲೇಜಿನ ಗೆಳತಿಯ ನೆನಪಾಯಿತು. ಅವಳು ಮೈಸೂರಿನಲ್ಲಿ ಹೊಸ ಕಂಪನಿಗಳಿಗೆ ಕೈಹಿಡಿದು ದಾರಿ ತೋರಿಸುವ ಒಂದು ಕಚೇರಿಯಲ್ಲಿದ್ದಳು. ಬಂಡವಾಳ ಹೂಡುವ ಮಹಿಳೆಯೊಬ್ಬರು ಬೆಂಗಳೂರಿನಲ್ಲಿದ್ದಾರೆಂದೂ ಅವರು ಹಿಂದೆ ಶಾಲಾ ಬಸ್ಸುಗಳ ಕಂಪನಿ ಕಟ್ಟಿ ಮಾರಿದವರೆಂದೂ ಅವಳೇ ಹೇಳಿದ್ದು. ಪರಿಚಯ ಮಾಡಿಸಿಕೊಡು ಎಂದರೆ, 'ನಂಗೂ ಪರಿಚಯ ಇಲ್ಲ ಕಣೇ. ಅವರ ಮೇಲ್ ಐಡಿ ವೆಬ್‌ಸೈಟಿನಲ್ಲೇ ಇದೆ. ನೀನೇ ಬರಿ. ಗೊತ್ತಿಲ್ಲದವರ ಮೇಲ್ ಕೂಡ ಓದ್ತಾರಂತೆ, ಆದ್ರೆ ಉದ್ದ ಇದ್ರೆ ಓದಲ್ಲ' ಎಂದಳು.

ನಾನು ಎರಡು ದಿನ ಕೂತು ಬರೆದೆ. ನಾನು ಹುಟ್ಟಿದ ಊರು, ಓದಿದ್ದು, ಲ್ಯಾಬು, ಮಹಿಳಾ ಸಬಲೀಕರಣ, ನನ್ನ ಕನಸು, ಎಲ್ಲ ಹಾಕಿ ಎರಡು ಪುಟವಾಯಿತು. ಜೊತೆಗೆ ಇಪ್ಪತ್ತು ಚಿತ್ರಗಳಿರುವ ಒಂದು ಫೈಲು. ಮೈಸೂರಿಗೆ ಹೋಗಿ ಗೆಳತಿಯ ಮುಂದಿಟ್ಟೆ. ಅವಳು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಓದಿದಳು, ಅರ್ಧಕ್ಕೆ ನಿಲ್ಲಿಸಿದಳು.

'ನೀನು ಏನು ಕೇಳ್ತಿದೀಯ ಅಂತ ಎರಡನೇ ಪುಟದ ಕೊನೇಲಿದೆ' ಎಂದಳು. 'ಅವರು ಫೋನ್‌ನಲ್ಲಿ ಓದ್ತಾರೆ. ಕಾರಲ್ಲಿ ಕೂತು, ಇನ್ಯಾರಿಗೋ ಕಾಯ್ತಾ. ಒಂದು ಪ್ಯಾರಾ ಬರಿ. ಯಾಕೆ ನಿಮಗೇ ಬರೀತಿದೀನಿ, ಕಷ್ಟ ಏನು, ನಾವೇನು ಮಾಡಿದೀವಿ, ಎಷ್ಟಾಗಿದೆ, ಏನು ಬೇಕು. ಅಷ್ಟೇ. ಫೈಲು ಬೇಡ, ಗೊತ್ತಿಲ್ಲದವರ ಫೈಲು ಯಾರೂ ತೆಗೆಯಲ್ಲ. ಕೇಳಿದ್ರೆ ಕೊಡು.'

'ಸಬಲೀಕರಣ ಅಂತಾದ್ರೂ ಇರ್ಲಿ.'

'ಎಷ್ಟು ಜನ ದಿನಾ ಹತ್ತುತಾರೆ?'

'ಗ್ರೂಪಲ್ಲಿ ಇನ್ನೂರಕ್ಕೂ ಮೇಲಿದಾರೆ.'

'ಗ್ರೂಪ್ ಬಿಡು. ಹತ್ತೋರು?'

'ತೊಂಬತ್ತಾರು.'

'ಅದನ್ನ ಬರಿ.'

ಬಸ್ಸಿನಲ್ಲಿ ನಂಜನಗೂಡಿಗೆ ವಾಪಸ್ಸು ಬರುತ್ತಾ ಫೋನಿನಲ್ಲೇ ಬರೆದೆ, ಅಳಿಸಿದೆ, ಬರೆದೆ. ಮಾರನೆಯ ದಿನ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಅಂತಿಮ ಮಾಡಿದೆ. ಮೇಲ್ ಇದ್ದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

'ಮಾನ್ಯರೇ, ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಗಾಡಿ ಓಡಿಸುವ ಕಷ್ಟ ಶಾಲಾ ಬಸ್ಸು ನಡೆಸಿದ ನಿಮಗೆ ಗೊತ್ತು ಎಂದು ನಿಮಗೇ ಬರೆಯುತ್ತಿದ್ದೇನೆ. ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಟಿ. ನರಸೀಪುರ ಕಡೆಯ ಹಳ್ಳಿಗಳಿಂದ ಸೇರುವ ಹೆಂಗಸರು ಕೆಲವೇ ತಿಂಗಳಲ್ಲಿ ಕೆಲಸ ಬಿಡುತ್ತಾರೆ, ಏಕೆಂದರೆ ಬೆಳಿಗ್ಗೆ ಆರರ ಶಿಫ್ಟಿಗೆ ಮುಟ್ಟುವ ಬಸ್ಸಾಗಲಿ ರಾತ್ರಿ ಹತ್ತರ ನಂತರ ಮನೆಗೆ ಮುಟ್ಟಿಸುವ ಬಸ್ಸಾಗಲಿ ಇಲ್ಲ, ಮತ್ತು ಒಂದೇ ಕಾರ್ಖಾನೆಯವರಿಂದ ಒಂದು ಗಾಡಿ ತುಂಬುವುದಿಲ್ಲ. ನಾವು ಹಲವು ಕಾರ್ಖಾನೆಗಳ ಹೆಂಗಸರನ್ನು ಒಂದೇ ವ್ಯಾನಿನಲ್ಲಿ ಕರೆದೊಯ್ದು ಪ್ರತಿ ಸೀಟಿಗೂ ಕಾರ್ಖಾನೆಯಿಂದ ತಿಂಗಳ ಬಾಡಿಗೆ ಪಡೆಯುತ್ತೇವೆ. ಹತ್ತು ತಿಂಗಳಲ್ಲಿ ಮೂರು ಕಾರ್ಖಾನೆ, ಬಾಡಿಗೆಯ ನಾಲ್ಕು ವ್ಯಾನು, ಎರಡು ಶಿಫ್ಟು ಸೇರಿ ದಿನಕ್ಕೆ ತೊಂಬತ್ತಾರು ಹೆಂಗಸರು. ಹತ್ತಲು ಶುರು ಮಾಡಿದವರಲ್ಲಿ ಹೆಚ್ಚಿನವರು ಇನ್ನೂ ಅದೇ ಕೆಲಸದಲ್ಲಿದ್ದಾರೆ. ಹದಿನೆಂಟು ತಿಂಗಳಲ್ಲಿ ಹತ್ತು ವ್ಯಾನುಗಳಿಗೆ ಬೆಳೆಯಲು ನಲವತ್ತು ಲಕ್ಷ ಬಂಡವಾಳ ಹುಡುಕುತ್ತಿದ್ದೇವೆ. ಮುಂದಿನ ವಾರ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಲು ಸಾಧ್ಯವೇ?'

ಕೆಳಗೆ ನನ್ನ ಹೆಸರು, ನಂಬರು. ಕಳಿಸುವ ಗುಂಡಿ ಒತ್ತಿದಾಗ ಗಂಡ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದರು. 'ಆಯ್ತಾ?' ಎಂದರು. 'ಆಯ್ತು' ಎಂದೆ. ಆಮೇಲೆ ಫೋನು ಕೈಬಿಡಲಿಲ್ಲ. ಅಡುಗೆ ಮನೆಯಲ್ಲಿ ಒಗ್ಗರಣೆ ಸೀದರೂ ಗೊತ್ತಾಗಲಿಲ್ಲ. ಮೇಲ್ ಬಂದ ಸದ್ದಾದರೆ ತಕ್ಷಣ ತೆಗೆಯುತ್ತಿದ್ದೆ, ಯಾವುದೋ ಇನ್ಶೂರೆನ್ಸ್ ಜಾಹೀರಾತು.

ಎರಡು ದಿನ ಕಳೆದು ಸದ್ದಾಗಿದ್ದು ಬೇರೆ ಕಡೆಯಿಂದ. ನಮ್ಮ ಮೂರು ಕಾರ್ಖಾನೆಗಳಲ್ಲಿ ದೊಡ್ಡದರ ಸಿಬ್ಬಂದಿ ಅಧಿಕಾರಿ ಫೋನು ಮಾಡಿ, ಆಫೀಸಿಗೆ ಬಂದು ಹೋಗಿ ಎಂದರು. ಇನ್ನೂ ಹೆಂಗಸರನ್ನು ಸೇರಿಸುತ್ತಾರೇನೋ ಎಂದುಕೊಂಡು ಒಳ್ಳೆಯ ಸೀರೆ ಉಟ್ಟು ಹೋದೆ.

ಅವರು ಕುರ್ಚಿ ತೋರಿಸಿದರು, ಟೀ ತರಿಸಿದರು. 'ನಿಮ್ಮ ಸರ್ವೀಸ್ ಬಗ್ಗೆ ಏನೂ ಕಂಪ್ಲೇಂಟ್ ಇಲ್ಲ ಮೇಡಂ' ಎಂದು ಶುರು ಮಾಡಿದರು. ಆ ಮಾತಿನಲ್ಲೇ ನನಗೆ ಅರ್ಥವಾಯಿತು. 'ಮುಂದಿನ ತಿಂಗಳಿಂದ ನಾವೇ ಬಸ್ಸು ಹಾಕ್ತಿದೀವಿ. ನಿಮ್ಮ ವ್ಯಾನು ಬಂದ ಮೇಲೆ ಆ ಕಡೆ ಹೆಂಗಸರು ಕೆಲಸ ಬಿಡದೆ ನಿಂತ್ರು ನೋಡಿ, ನಲವತ್ತೊಂದು ಜನ ಆದ್ರು. ಅಷ್ಟು ಜನಕ್ಕೆ ನಮ್ಮದೇ ಬಸ್ಸು ಅಗ್ಗ ಬೀಳುತ್ತೆ. ಹೆಡ್ ಆಫೀಸಲ್ಲಿ ಲೆಕ್ಕ ಹಾಕಿದಾರೆ.'

'ಸಾರ್, ಇನ್ನೂ ಮೂರು ತಿಂಗಳು ಟೈಮ್ ಕೊಡಿ.'

'ಅಗ್ರಿಮೆಂಟಲ್ಲಿ ಒಂದು ತಿಂಗಳ ನೋಟೀಸು ಅಂತಿದೆ. ನೀವೇ ಬರೆಸಿದ್ದು.'

ಟೀ ಹಾಗೇ ಬಿಟ್ಟು ಎದ್ದೆ. ಗೇಟಿನ ಹೊರಗೆ ಲಾರಿಗಳ ಸಾಲು. ಅವುಗಳ ನೆರಳಿನಲ್ಲಿ ಸುಮಾರು ಹೊತ್ತು ನಿಂತೆ. ತೊಂಬತ್ತಾರರಲ್ಲಿ ನಲವತ್ತೊಂದು ಹೋದರೆ ಉಳಿಯುವ ಐವತ್ತೈದು ಜನ ನಾಲ್ಕು ದಾರಿಗಳಲ್ಲಿ ಚೆಲ್ಲಾಪಿಲ್ಲಿ. ಯಾವ ವ್ಯಾನೂ ಅರ್ಧ ತುಂಬುವುದಿಲ್ಲ. ಎರಡೇ ವ್ಯಾನಿಗೆ ಇಳಿಸಿದರೆ ನಾಲ್ಕು ದಾರಿಯನ್ನೂ ಸುತ್ತಿ ಆರರೊಳಗೆ ಗೇಟು ಮುಟ್ಟಲಾಗುವುದಿಲ್ಲ. ಹೇಗೆ ಕೂಡಿ ಕಳೆದರೂ ಕೆಲವು ಹಳ್ಳಿಗಳನ್ನು ಬಿಡಬೇಕು.

ಮನೆಗೆ ಬರುವಷ್ಟರಲ್ಲಿ ಫೋನಿನಲ್ಲಿ ಅವರ ಉತ್ತರ ಬಂದು ಕೂತಿತ್ತು. ಬಂಡವಾಳ ಹೂಡುವವರದ್ದು. ಎರಡೇ ಸಾಲು. 'ಆಸಕ್ತಿಯಿದೆ. ಗುರುವಾರ ಹನ್ನೊಂದಕ್ಕೆ ಮಾತಾಡೋಣ, ಅದಕ್ಕೆ ಮುಂಚೆ ಕಾರ್ಖಾನೆವಾರು ತಿಂಗಳ ಬಿಲ್ಲುಗಳನ್ನು ಕಳಿಸಿ.'

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಒಂದು ದಿನ ಮುಂಚೆ ಬಂದಿದ್ದರೆ ಕುಣಿದಾಡುತ್ತಿದ್ದೆ. ಅವರಿಗೆ ಆಸಕ್ತಿ ಹುಟ್ಟಿಸಿದ ತೊಂಬತ್ತಾರು ಬರೆದಾಗ ನಿಜವಾಗಿತ್ತು. ಈ ತಿಂಗಳ ಕೊನೆಯವರೆಗೆ ನಿಜವಾಗಿರುತ್ತದೆ. ಆಮೇಲೆ ಇಲ್ಲ.

ಸಂಜೆ ಅಣ್ಣ ಗಾಡಿ ತೊಳೆಯುತ್ತಿದ್ದಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವರು ಬಕೆಟ್ ಕೆಳಗಿಟ್ಟರು.

'ಆವಮ್ಮಂಗೆ ಈಗ್ಲೇ ಯಾಕ್ ಏಳ್ತೀಯ? ಬಿಲ್ಲು ಕೇಳವ್ರೆ, ಬಿಲ್ಲು ಕೊಡು. ಬಿಲ್ಲೇನು ಸುಳ್ಳಾ? ದುಡ್ಡು ಬಂದ್ಮೇಕೆ ಬ್ಯಾರೆ ಕಾರ್ಖಾನೆ ಇಡ್ಕಂಡ್ರಾಯ್ತು.'

'ಆಮೇಲೆ ಗೊತ್ತಾದ್ರೆ ಅಣ್ಣಾ?'

'ಎಂಗ್ ಗೊತ್ತಾಯ್ತದೆ? ಅವ್ರು ಬೆಂಗ್ಳೂರಲ್ ಅವ್ರೆ.' ಅವರ ದನಿ ಗಟ್ಟಿಯಾಗಿ ಹೊರಟಿದ್ದು ಕೊನೆಯಲ್ಲಿ ಇಳಿಯಿತು. 'ನನ್ ಗಾಡಿ ಇನ್ನೂ ಲೋನ್‌ನಲ್ ಅದೆ ಕಣವ್ವ. ನೀನ್ ನಿಲ್ಸುದ್ರೆ ನಾನೂ ನಿಂತೋಯ್ತೀನಿ.'

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದನ್ನೇ ನಾನೂ ದಾರಿಯುದ್ದಕ್ಕೂ ಯೋಚಿಸಿದ್ದೆ. ಗೆಳತಿಗೆ ಫೋನು ಮಾಡಿದೆ. ಅವಳು, 'ಹಣ ಹಾಕೋ ಮುಂಚೆ ಅವರು ನಿನ್ನ ಕಾರ್ಖಾನೆಗಳಿಗೆ ಫೋನ್ ಮಾಡಿ ಕೇಳ್ತಾರೆ ಕಣೇ. ಎಲ್ಲರೂ ಮಾಡ್ತಾರೆ. ಮಾಡದಿದ್ರೂ, ಅಗ್ರಿಮೆಂಟಿಗೆ ಸೈನ್ ಹಾಕುವಾಗ ಇರೋ ವಿಷಯ ಎಲ್ಲಾ ಹೇಳಿದೀನಿ ಅಂತ ನೀನೇ ಬರೆದುಕೊಡಬೇಕು. ಫೋನ್‌ನಲ್ಲಿ ಹೇಳೋದಕ್ಕಿಂತ ಮೊದಲೇ ಬರೆದು ಕಳಿಸು' ಎಂದಳು. ನಾನು ಅತ್ತೆ. ಅವಳು ಫೋನು ಇಡಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ, ಅಳುವುದು ಮುಗಿಯುವವರೆಗೆ ಕಾದಳು.

ಬಿಲ್ಲುಗಳ ಜೊತೆ ಹೀಗೆ ಬರೆದೆ: 'ನನ್ನ ಹಿಂದಿನ ಮೇಲ್‌ನ ಅಂಕಿ ಬದಲಾಗಿದೆ. ನಮ್ಮ ದೊಡ್ಡ ಕಾರ್ಖಾನೆ ಮುಂದಿನ ತಿಂಗಳಿಂದ ತನ್ನದೇ ಬಸ್ಸು ಹಾಕುತ್ತಿದೆ. ತೊಂಬತ್ತಾರರಲ್ಲಿ ನಲವತ್ತೊಂದು ಸೀಟು ಹೋಗುತ್ತವೆ. ಇದು ಗೊತ್ತಾದದ್ದು ನಿಮಗೆ ಬರೆದ ಮೇಲೆ. ಗುರುವಾರ ಮಾತಾಡಲು ಈಗಲೂ ನಿಮಗೆ ಇಷ್ಟವಿದ್ದರೆ ನಾನು ಸಿದ್ಧ.'

ಅದಕ್ಕೆ ಉತ್ತರ ಬರಲೇ ಇಲ್ಲ.

ಗುರುವಾರ ಬೆಳಿಗ್ಗೆ ನಾನು ಟಿ. ನರಸೀಪುರಕ್ಕೆ ಹೊರಟೆ. ಕರೆ ಬರುತ್ತದೆಂಬ ಭರವಸೆ ಇರಲಿಲ್ಲ. ಅದಕ್ಕಿಂತ ದೊಡ್ಡ ಕೆಲಸವಿತ್ತು. ಯಾವ ಹಳ್ಳಿಗೆ ಇನ್ನು ವ್ಯಾನು ಬರುವುದಿಲ್ಲ ಎಂದು ಹೆಂಗಸರಿಗೆ ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಮಧ್ಯಾಹ್ನದ ಶಿಫ್ಟಿನವರನ್ನು ಹತ್ತಿಸಿಕೊಳ್ಳಲು ಅಣ್ಣನ ಗಾಡಿ ನದಿಯ ಕಡೆ ಹೋಗುವ ರಸ್ತೆಯಲ್ಲಿ ನಿಂತಿರುತ್ತಿತ್ತು. ಅದರೊಳಗೆ ಹಿಂದಿನ ಸೀಟಿನಲ್ಲಿ ಕೂತೆ. ಸಂಗಮಕ್ಕೆ ಸ್ನಾನಕ್ಕೆ ಬಂದವರು ಒದ್ದೆ ಬಟ್ಟೆ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು.

ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು.

'ನಿಮ್ಮ ಎರಡನೇ ಮೇಲ್ ಓದಿದೆ' ಎಂದರು ಅವರು. ವಯಸ್ಸಾದ ದನಿ, ಚೂಪು. ಕನ್ನಡದಲ್ಲೇ ಶುರು ಮಾಡಿದರು. 'ಆ ಕಾರ್ಖಾನೆ ಯಾಕೆ ಬಿಡ್ತು?'

'ಅವರದ್ದೇ ನಲವತ್ತೊಂದು ಜನ ಆದ್ರು ಮೇಡಂ. ಸ್ವಂತ ಬಸ್ಸು ಅಗ್ಗ ಆಯ್ತು.'

'ನೀವು ಶುರು ಮಾಡುವಾಗ ಅವರದ್ದು ಎಷ್ಟಿತ್ತು?'

'ಏಳು.'

'ಅಂದ್ರೆ ನೀವು ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಗಿರಾಕಿ ಹೋಯ್ತು.'

ಹತ್ತು ತಿಂಗಳಲ್ಲಿ ಆ ಮಾತು ನನಗೆ ಹೊಳೆದೇ ಇರಲಿಲ್ಲ. ಅವರು ಮುಂದುವರಿಸಿದರು. 'ಉಳಿದ ಎರಡು ಕಾರ್ಖಾನೆನೂ ಬೆಳೆದ್ರೆ ಹಾಗೇ ಮಾಡ್ತವೆ. ನಾನು ನಲವತ್ತು ಲಕ್ಷ ಹಾಕಿದ್ರೆ ಅವರಿಗೆ ಜನ ಕೂಡಿಸಿ ಕೊಡೋಕೆ ಹಾಕಿದ ಹಾಗೆ. ಯಾವತ್ತೂ ಸ್ವಂತ ಬಸ್ಸು ಹಾಕಲಾಗದ ಗಿರಾಕಿ ಯಾರಿದಾರೆ ಅಲ್ಲಿ?'

'ಚಿಕ್ಕ ಯೂನಿಟ್‌ಗಳು, ಮೇಡಂ. ಒಂದೊಂದರಲ್ಲಿ ಹತ್ತು, ಹದಿನೈದು ಹೆಂಗಸರು ಇರ್ತಾರೆ. ಬಹಳ ಇವೆ.'

'ಅವರನ್ನ ಕೇಳಿದೀರಾ?'

'ಇಲ್ಲ. ಅವರು ದುಡ್ಡು ಕೊಡಲ್ಲ ಅಂದ್ಕೊಂಡಿದ್ದೆ.'

'ಅಂದ್ಕೊಂಡ್ರಿ.' ಆ ಕಡೆ ಏನೋ ಬರೆಯುವ ಸದ್ದು. 'ಇನ್ನೊಂದು. ನಿಮ್ಮ ಬಿಲ್ಲುಗಳನ್ನ ನೋಡಿದ್ರೆ, ನೀವು ಕೇಳ್ತಿರೋ ಹಣದಲ್ಲಿ ಅರ್ಧ ಡೀಸೆಲ್‌ಗೆ ಹೋಗುತ್ತೆ, ಕಾರ್ಖಾನೆ ಎರಡು ತಿಂಗಳು ತಡವಾಗಿ ಕೊಡೋದ್ರಿಂದ. ಅದಕ್ಕೆ ಕಂಪನಿಯ ಷೇರು ಮಾರಬಾರದು. ಗಿರಾಕಿಗಳಿಂದಲೇ ಮುಂಗಡ ತಗೊಳ್ಳಿ. ಶಾಲೆ ಬಸ್ಸಿನ ಫೀಸು ಎಲ್ಲಾದ್ರೂ ಎರಡು ತಿಂಗಳ ನಂತರ ಕಟ್ತಾರಾ?'

'ಮೇಡಂ, ನೀವು ಹಣ...' ಎಂದು ಹೊರಟು ತಡೆದೆ.

'ಇವತ್ತು ಇಲ್ಲ' ಎಂದರು. 'ನಾನು ಸುಮ್ಮನೆ ಆಸೆ ಇಡಿಸಲ್ಲ. ಚಿಕ್ಕವರಿಂದ ಒಂದು ಗಾಡಿ ತುಂಬಿಸಿ, ಮುಂಗಡ ತಗೊಂಡು. ಅದಾದ್ರೆ ಮತ್ತೆ ಬರೀರಿ. ಇಷ್ಟೇ ಉದ್ದ ಬರೀರಿ.'

ಕರೆ ಮುಗಿಯಿತು. ಅಣ್ಣ ಡ್ರೈವರ್ ಸೀಟಿನಿಂದ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಇಳಿದು ಹೋಗಿ ಬೀಡಿ ಹಚ್ಚಿದರು.

ಹನ್ನೆರಡರ ನಂತರ ಹೆಂಗಸರು ಒಬ್ಬೊಬ್ಬರೇ ಹಗಲಿನ ಬಸ್ಸುಗಳಲ್ಲಿ ಬಂದಿಳಿದರು. ಅವರಲ್ಲಿ ಸೋಸಲೆಯ ಆಚೆಯ ಹಳ್ಳಿಯವಳೊಬ್ಬಳು, ಚಿಕ್ಕ ಮಗಳಿರುವವಳು, ನಮ್ಮ ವ್ಯಾನು ಹತ್ತಿದ ಮೊದಲನೆಯವಳು. ಮೊದಲ ವಾರ ಗಾಡಿಯಲ್ಲಿ ಅವಳೊಬ್ಬಳೇ ಇದ್ದಾಗ, 'ನಾನೊಬ್ಳೇ ಅಂತ ನಿಲ್ಸ್‌ಬುಡ್ಬ್ಯಾಡಿ ಕಣಕ್ಕಾ' ಎಂದು ತನ್ನ ಊರಿನ ಇನ್ನೂ ನಾಲ್ವರನ್ನು ಅವಳೇ ಕರೆತಂದಿದ್ದಳು. ಆ ನಾಲ್ವರೂ ದೊಡ್ಡ ಕಾರ್ಖಾನೆಯವರು. ಅವರಿಗೆ ಇನ್ನು ಆ ಕಾರ್ಖಾನೆಯದೇ ಬಸ್ಸು. ಇವಳು ಬೇರೆ ಗೇಟಿನವಳು. ಇವಳೊಬ್ಬಳಿಗಾಗಿ ಬೆಳಗಿನ ಜಾವಕ್ಕೂ ರಾತ್ರಿಗೂ ಆ ಹಳ್ಳಿಯವರೆಗೆ ವ್ಯಾನು ಹೋಗುವಂತಿರಲಿಲ್ಲ.

ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವಳು ಮೊದಲು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂಬಂತೆ.

'ಅವ್ರ್ ಬಸ್ಸು ನಮ್ಮೂರ್ ಮ್ಯಾಲೇ ಓಯ್ತದಲ್ಲ ಅಕ್ಕ, ಅದ್ರಲ್ಲೇ ಓಯ್ತೀನಿ ಬುಡಿ.'

'ಅವರ ಕಾರ್ಖಾನೆಯವರನ್ನ ಮಾತ್ರ ಹತ್ತಿಸ್ತಾರಂತೆ. ನಾನು ಕೇಳಿದೆ.'

'ಒಂದ್ ಸೀಟು ಖಾಲಿ ಇದ್ರೂನಾ?'

'ಇದ್ರೂನೂ.'

ಅವಳ ನಗು ಹಾಗೇ ಮುಖದಲ್ಲಿ ನಿಂತು ನಿಧಾನವಾಗಿ ಹೋಯಿತು. 'ಸರಿ ಬುಡಿ ಅಕ್ಕ. ಮೈದ್ನ ಗಾಡೀಲಿ ಬುಡ್ತನೇನೋ ಕೇಳ್ತೀನಿ' ಎಂದು ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತಳು. ತಾಂಡ್ಯ ಬರುವವರೆಗೂ ಹೊರಗೇ ನೋಡುತ್ತಿದ್ದಳು. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ತಿಂಗಳು ಮುಗಿಯಿತು. ನಾಲ್ಕರಲ್ಲಿ ಎರಡು ವ್ಯಾನು ನಿಂತವು. ಒಬ್ಬ ಡ್ರೈವರು ಗಾಡಿ ಮಾರಿ ಮೈಸೂರಿನಲ್ಲಿ ಯಾರದೋ ಕಾರಿಗೆ ಸೇರಿಕೊಂಡ. ನಾನು ದಿನವೂ ಗಂಡನ ಸ್ಕೂಟರಿನ ಹಿಂದೆ ಕೂತು ತಾಂಡ್ಯಕ್ಕೆ ಹೋಗಿ ಇಳಿಯುತ್ತಿದ್ದೆ. ಮಸಾಲೆ ಪುಡಿ ಯೂನಿಟ್ಟು, ರಟ್ಟಿನ ಡಬ್ಬ ಮಾಡುವವರು, ಪ್ಲಾಸ್ಟಿಕ್ ಮುಚ್ಚಳದವರು, ಒಂದಾದ ಮೇಲೊಂದು ಗೇಟು. ಹೆಚ್ಚಿನ ಕಡೆ ಮಾಲೀಕರೇ ಇರುತ್ತಿರಲಿಲ್ಲ. ಇದ್ದವರು, 'ಮುಂಗಡವಾ? ಯಾವ ಊರಿನ ಪದ್ಧತಿ ಇದು?' ಎನ್ನುತ್ತಿದ್ದರು. ಒಬ್ಬರು ನನ್ನ ಕಾರ್ಡು ಇಸಿದುಕೊಂಡು ಅದರ ಮೇಲೇ ಟೀ ಲೋಟ ಇಟ್ಟರು. ಬಿಸಿಲಲ್ಲಿ ಗೇಟಿಂದ ಗೇಟಿಗೆ ನಡೆಯುವಾಗ, ನನ್ನ ಹಳೆಯ ಲ್ಯಾಬಿನ ಕಿಟಕಿ ಕಾಣುವ ತಿರುವಿನಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಯಾರಾದರೂ ನೋಡಿ ಕರೆದು, ಹೇಗಿದೆ ಕಂಪನಿ ಎಂದು ಕೇಳುವುದು ನನಗೆ ಬೇಕಿರಲಿಲ್ಲ.

ಒಂದು ಸಂಜೆ ಗಂಡ ಅಂಗಡಿಯ ಬಾಗಿಲು ಎಳೆಯುತ್ತಾ, 'ಸಾಕು ಮಾಡ್ತೀಯಾ?' ಎಂದರು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. 'ಮತ್ತೆ ಲ್ಯಾಬಿಗೆ ತಗೊಳ್ತಾರೇನೋ ಕೇಳು. ಯಾರೂ ಏನೂ ಅನ್ಕೊಳ್ಳಲ್ಲ.'

'ಇನ್ನೊಂದು ತಿಂಗಳು' ಎಂದೆ. ಏಕೆ ಹಾಗೆಂದೆನೋ ನನಗೇ ತಿಳಿಯದು. ಹಟವೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ನಿಲ್ಲಿಸಿದೆ ಎಂದು ಉಳಿದ ಹೆಂಗಸರಿಗೆ ಮತ್ತೊಮ್ಮೆ ಹೇಳುವ ಧೈರ್ಯವಿರಲಿಲ್ಲ, ಅಷ್ಟೇ ಇರಬೇಕು.

ಮೊದಲು ಒಪ್ಪಿದ್ದು ರಟ್ಟಿನ ಡಬ್ಬದ ಯೂನಿಟ್ಟಿನ ಮಾಲೀಕರು. ಬೆಳಗಿನ ಶಿಫ್ಟಿಗೆ ಹೆಂಗಸರು ಸಿಗದೆ ಅವರ ಒಂದು ಯಂತ್ರ ನಿಂತೇ ಇತ್ತು. 'ಐದು ಸೀಟು. ತಿಂಗಳ ಐದನೇ ತಾರೀಕಿನೊಳಗೆ ಹಣ ಹಾಕ್ತೀನಿ. ಒಂದು ದಿನ ವ್ಯಾನು ತಡವಾದ್ರೂ ಕಡಿತ ಮಾಡ್ತೀನಿ' ಎಂದರು. ಒಪ್ಪಿಕೊಂಡೆ. ಅವರೇ ಪಕ್ಕದ ಮುಚ್ಚಳದ ಯೂನಿಟ್ಟಿಗೆ ಫೋನು ಮಾಡಿ ಹೇಳಿದರು. ಅಲ್ಲಿಂದ ಮೂರು ಸೀಟು. ಮಸಾಲೆಯವರು ಎರಡು. ಹೀಗೆ ಎರಡು, ಮೂರು ಸೇರಿ ಸೇರಿ ಅಣ್ಣನ ಗಾಡಿ ಎರಡೂ ಶಿಫ್ಟಿನಲ್ಲಿ ತುಂಬಲು ಮಳೆಗಾಲ ಅರ್ಧ ಕಳೆಯಿತು. ಈ ಸಲ ಅಗ್ರಿಮೆಂಟಿನಲ್ಲಿ ಎರಡು ತಿಂಗಳ ನೋಟೀಸು ಎಂದು ಬರೆಸಿದೆ. ಐದನೇ ತಾರೀಕು ಹಣ ಬಿದ್ದಾಗ ಬಂಕಿಗೆ ಹೋಗಿ ಆ ವಾರದ ಡೀಸೆಲ್ಲಿಗೆ ಮೊದಲೇ ಕೊಟ್ಟೆ. ಬಂಕಿನವನು ನನ್ನ ಮುಖವನ್ನೇ ನೋಡಿದ.

ಗಾಡಿ ತುಂಬಿದ ವಾರ ಸೋಸಲೆಯ ಕಡೆ ಹೋದೆ. ಇನ್ನೊಂದು ವ್ಯಾನಿನಲ್ಲಿ ಒಂದು ಸೀಟು ಆ ಮೊದಲನೆಯವಳಿಗೆ ಹೊಂದಿಸಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವಳು ಮನೆಯಲ್ಲಿರಲಿಲ್ಲ. ಮೈದುನ ಒಂದು ವಾರ ಬಿಟ್ಟನಂತೆ, ಆಮೇಲೆ ಅವನಿಗೂ ಬೇಜಾರಾಯಿತಂತೆ. ಗೇಟಿಗೆ ತಡವಾಗಿ ಹೋಗಿ ಹೋಗಿ ಕಾರ್ಖಾನೆಯವರು ಹೆಸರು ತೆಗೆದರಂತೆ. ಅವಳ ಅತ್ತೆ ಇದನ್ನೆಲ್ಲ ಹೇಳುತ್ತಾ ಜಗುಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಟಿ. ನರಸೀಪುರ ಬಸ್‌ಸ್ಟ್ಯಾಂಡಿನ ಬಳಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಹುಡುಕಿಕೊಂಡು ಹೋದೆ.

ಕೈ ಒರೆಸಿಕೊಂಡು ಹೊರಗೆ ಬಂದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

'ಅಲ್ಲಿ ಪಿಎಫ್ಫು ಇಡೀತಿದ್ರು, ಇಎಸ್‌ಐ ಕಾರ್ಡು ಇತ್ತು' ಎಂದಳು. 'ಇಲ್ಲಿ ಅದೇನಿಲ್ಲ. ಆದ್ರೆ ಒಂಬತ್ ಗಂಟೆಗ್ ಬತ್ತೀನಿ, ಮಗೀನ ಸ್ಕೂಲಿಗ್ ಬುಟ್ಟು. ಬ್ಯಾಡ ಅಕ್ಕ. ಇನ್ನೊಂದ್ ದಪ ನಿಂತೋದ್ರೆ ನನ್ ಕೈಲಾಗಲ್ಲ.'

ನಿಲ್ಲುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಕೊಡಲು ನನಗೆ ಆಗಲಿಲ್ಲ. ಅವಳು ಒಳಗೆ ಹೋಗಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು, ಕಾಸು ತೆಗೆದುಕೊಳ್ಳಲಿಲ್ಲ.

ಆ ಮಧ್ಯಾಹ್ನ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಕೂತು ಎರಡನೆಯ ಪ್ಯಾರಾ ಬರೆದೆ. ಈ ಸಲ ಅಳಿಸಿ ಬರೆಯುವುದು ಹೆಚ್ಚಿರಲಿಲ್ಲ. ಸ್ವಂತ ಬಸ್ಸು ಹಾಕಲಾಗದ ಚಿಕ್ಕ ಯೂನಿಟ್ಟುಗಳೇ ನಮ್ಮ ಗಿರಾಕಿಗಳು, ಅಂಥ ಒಂಬತ್ತು ಯೂನಿಟ್ಟುಗಳು ತಿಂಗಳ ಮುಂಗಡ ಕೊಡುತ್ತಿವೆ, ಒಂದು ವ್ಯಾನು ಎರಡೂ ಶಿಫ್ಟಿಗೆ ತುಂಬಿದೆ, ಇನ್ನೊಂದು ಮುಕ್ಕಾಲು. ಕೆಲವು ದಾರಿ ಬಿಟ್ಟಿದ್ದರಿಂದ ಕೆಲಸ ಕಳೆದುಕೊಂಡ ಹೆಂಗಸರೂ ಇದ್ದಾರೆ. ಡೀಸೆಲ್ಲಿಗೆ ಹಣ ಬೇಡ, ಹೊಸ ದಾರಿ ತೆರೆದು ಅದು ತುಂಬುವವರೆಗಿನ ಖಾಲಿ ಸೀಟುಗಳಿಗಾಗಿ ಹದಿನೈದು ಲಕ್ಷ ಬೇಕು. ಕೆಲಸ ಕಳೆದುಕೊಂಡ ಹೆಂಗಸರ ಬಗೆಗಿನ ಸಾಲನ್ನು ಸೇರಿಸಬೇಕೇ ಬೇಡವೇ ಎಂದು ತುಸು ಯೋಚಿಸಿದೆ. ಸೇರಿಸಿದೆ.

ಬೆಂಗಳೂರಿನ ಮೇಡಂ ಮಾರನೆಯ ದಿನವೇ ಉತ್ತರಿಸಿದರು. ಆದರೆ ಹಣ ಬರಲು ತಿಂಗಳುಗಳೇ ಹಿಡಿದವು. ಬ್ಯಾಂಕಿನ ಲೆಕ್ಕ ಕೇಳಿದರು, ಕಂಪನಿಯ ಕಾಗದಪತ್ರ, ಗಾಡಿಗಳ ಪರ್ಮಿಟ್ಟು, ಇನ್ಶೂರೆನ್ಸು ಕೇಳಿದರು. ಒಂದು ದಿನ ಹೇಳದೆ ಕೇಳದೆ ರಟ್ಟಿನ ಡಬ್ಬದ ಮಾಲೀಕರಿಗೇ ಫೋನು ಮಾಡಿ ನಮ್ಮ ವ್ಯಾನು ಎಷ್ಟು ಸಲ ತಡವಾಗಿದೆ ಎಂದು ವಿಚಾರಿಸಿದರಂತೆ. ಕೊನೆಗೆ ಕಂಪನಿಯ ಒಂದು ಪಾಲು ಷೇರಿಗೆ ಹದಿನೈದು ಲಕ್ಷ ಒಪ್ಪಿದರು, ಅದೂ ಎರಡು ಕಂತಿನಲ್ಲಿ. ಎಂಟು ಈಗ, ಮೂರನೆಯ ವ್ಯಾನು ತುಂಬಿದ ಮೇಲೆ ಏಳು.

ಮೊದಲ ಕಂತು ಬಂದ ದಿನ ಗಂಡ ಅಂಗಡಿಯಲ್ಲಿ ಮೈಸೂರು ಪಾಕು ಹಂಚಿದರು. ನಾನು ನನ್ನ ತುಂಡನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟು ದಾರಿಗಳ ಪಟ್ಟಿ ತೆಗೆದೆ. ಸಂತೋಷವಾಗಲಿಲ್ಲವೆಂದಲ್ಲ. ಹತ್ತಾರು ತಿಂಗಳು ಬಿಗಿಹಿಡಿದ ಮೈ ಒಮ್ಮೆಗೇ ಸಡಿಲಾಗಲು ಒಪ್ಪುವುದಿಲ್ಲ. ಅಣ್ಣ ಬಂದು, 'ಅಂಗಾರೆ ತಲಕಾಡು ಕಡೆ ದಾರಿ ತಗೀಬೋದಾ?' ಎಂದರು. ಅಲ್ಲಿಂದ ಎಷ್ಟು ಜನ ಹತ್ತಬಹುದು ಎಂದು ಕೇಳಿದೆ. ನಾಲ್ಕು ಜನ ಗೊತ್ತು ಎಂದರು. ಗಾಡಿ ಲುಕ್ಸಾನಿಲ್ಲದೆ ಓಡಲು ಹನ್ನೆರಡು ಬೇಕು. ಉಳಿದ ಎಂಟು ಜನರನ್ನು ಹುಡುಕಲು ಮರುದಿನ ಬೆಳಿಗ್ಗೆ ಇಬ್ಬರೂ ಆ ಕಡೆ ಹೊರಟೆವು.